ಪ್ಯಾರಾಚೂಟ್ ನಮ್ಮನ್ನು ಎಷ್ಟೆತ್ತರದ ಗೋಡೆಯಿಂದ ಇಳಿಸುತ್ತದೆ?

ಬೆಂಗಳೂರಿನಲ್ಲಿ ಭಾರತೀಯ ಸೇನೆಯ ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರವಿದೆ. ಅಲ್ಲಿಗೆ ಸೇರಿದವರು ವಿಮಾನದಿಂದ ಹಾರುವುದನ್ನು ಕಲಿಯಲು ಹೋಗುವುದು ಆಗ್ರಾಕ್ಕೆ. ಆಕಾಶಕ್ಕೆ ಏರುವ ಮೊದಲು ನೆಲದ ಮೇಲೆ ಕಲಿಯಬೇಕಾದ ಪಾಠಗಳಲ್ಲಿ ಮುಖ್ಯವಾದದ್ದು ನೆಲಕ್ಕೆ ಬೀಳುವ ರೀತಿ. ಕಟ್ಟೆಯಿಂದ ಧುಮುಕು, ಮಡಚಿಕೋ, ಉರುಳು, ಎದ್ದು ಮತ್ತೆ ಧುಮುಕು. ನೂರಾರು ಮೀಟರ್ ಎತ್ತರದಿಂದ ಇಳಿದು ಬರುವವನಿಗೆ ಆಳೆತ್ತರವೂ ಇಲ್ಲದ ಕಟ್ಟೆಯಿಂದ ಧುಮುಕಿಸಿ ಏನು ಕಲಿಸಿದಂತಾಯಿತು ಎಂದು ನೋಡುವವರಿಗೆ ಅನ್ನಿಸಬಹುದು. ಆದರೆ ಪ್ಯಾರಾಚೂಟಿನ ಲೆಕ್ಕವೆಲ್ಲ ಆ ಕಟ್ಟೆಯ ಎತ್ತರದಲ್ಲೇ ಅಡಗಿದೆ. ಎಷ್ಟು ದೊಡ್ಡ ಕೊಡೆ ಬೇಕು, ಎಷ್ಟು ಭಾರ ಹೊರಬಹುದು, ಲೇಹ್‌ನಲ್ಲಿ ಏಕೆ ಇಳಿಯುವುದು ಕಷ್ಟ ಎನ್ನುವುದನ್ನೆಲ್ಲ ಅದೊಂದೇ ಎತ್ತರದ ಮಾತಿನಲ್ಲಿ ಹೇಳಿಬಿಡಬಹುದು.

ಮೊದಲು ಇಳಿಯುವ ವೇಗ ಹೇಗೆ ನಿಗದಿಯಾಗುತ್ತದೆ ನೋಡೋಣ. ಕೊಡೆ ಪೂರ್ತಿ ಅರಳಿದ ಮೇಲೆ ಕೆಲಸ ಮಾಡುವ ಬಲಗಳು ಎರಡೇ. ಭೂಮಿ ಕೆಳಗೆಳೆಯುವ ತೂಕ ಒಂದು, ಗಾಳಿ ಮೇಲಕ್ಕೆ ಒಡ್ಡುವ ತಡೆ ಇನ್ನೊಂದು. ತೂಕ ಬದಲಾಗುವುದಿಲ್ಲ. ಗಾಳಿಯ ತಡೆ ಮಾತ್ರ ವೇಗದೊಂದಿಗೆ ಏರುತ್ತದೆ, ಅದೂ ವೇಗದ ವರ್ಗದ ಪ್ರಮಾಣದಲ್ಲಿ. ವರ್ಗ ಏಕೆಂದರೆ, ವೇಗ ಇಮ್ಮಡಿಯಾದಾಗ ಕೊಡೆ ಪ್ರತಿ ಸೆಕೆಂಡಿಗೆ ಎರಡರಷ್ಟು ಗಾಳಿಯನ್ನು ಎದುರಿಸುತ್ತದೆ. ಆ ಗಾಳಿಯ ಒಂದೊಂದು ಕಿಲೋವನ್ನೂ ಎರಡರಷ್ಟು ಜೋರಾಗಿ ತಳ್ಳುತ್ತದೆ. ಎರಡೆರಡಲ ನಾಲ್ಕು. ಹೀಗಾಗಿ ವೇಗ ಸ್ವಲ್ಪ ಜಾಸ್ತಿಯಾದರೂ ತಡೆ ತೂಕವನ್ನು ಮೀರಿ ಇಳಿತವನ್ನು ನಿಧಾನಿಸುತ್ತದೆ. ಸ್ವಲ್ಪ ಕಡಿಮೆಯಾದರೆ ತೂಕ ಗೆದ್ದು ವೇಗ ಹೆಚ್ಚುತ್ತದೆ. ಎರಡೂ ಸರಿಸಮವಾಗುವ ವೇಗಕ್ಕೆ ಬಂದು ನಿಂತ ಮೇಲೆ ಸಾವಿರ ಮೀಟರ್ ಇಳಿದರೂ ಅಷ್ಟೇ, ನೂರು ಮೀಟರ್ ಇಳಿದರೂ ಅಷ್ಟೇ. ಇದನ್ನೇ ಅಂತಿಮ ವೇಗ ಎನ್ನುತ್ತಾರೆ. ಸೂತ್ರದಲ್ಲಿ ಬರೆದರೆ:

```
½ · ρ · v² · Cd · A = m · g
```

ಎಡಗಡೆ ಗಾಳಿಯ ತಡೆ, ಬಲಗಡೆ ತೂಕ. ρ ಎಂದರೆ ಗಾಳಿಯ ಸಾಂದ್ರತೆ, ಅಂದರೆ ಒಂದು ಘನ ಮೀಟರ್ ಗಾಳಿಯ ದ್ರವ್ಯರಾಶಿ. ಸಮುದ್ರಮಟ್ಟದ ಸುತ್ತಮುತ್ತ ಅದು ಸುಮಾರು 1.2 ಕಿಲೋ. v ಇಳಿಯುವ ವೇಗ, A ಕೊಡೆಯ ಬಟ್ಟೆಯ ವಿಸ್ತೀರ್ಣ, m ನೇತಾಡುತ್ತಿರುವ ಎಲ್ಲದರ ಒಟ್ಟು ದ್ರವ್ಯರಾಶಿ, g ಗುರುತ್ವದ ವೇಗೋತ್ಕರ್ಷ. Cd ಎಂಬುದು ತಡೆಯ ಗುಣಾಂಕ. ಆ ಆಕಾರದ ಕೊಡೆ ಗಾಳಿಯನ್ನು ಎಷ್ಟು ಚೆನ್ನಾಗಿ ಹಿಡಿಯುತ್ತದೆ ಎಂದು ಹೇಳುವ ಸಂಖ್ಯೆ ಅದು. ಸೈನಿಕರು ಬಳಸುವಂಥ ದುಂಡು ಕೊಡೆಗೆ 0.75 ಎಂದು ಹಿಡಿದರೆ ಹೆಚ್ಚು ತಪ್ಪಾಗುವುದಿಲ್ಲ.

ಪಠ್ಯಪುಸ್ತಕಗಳು ಇಲ್ಲಿಂದ v ಕಂಡುಹಿಡಿದು ನಿಲ್ಲಿಸುತ್ತವೆ. ನನಗೆ ಅದು ಅರ್ಧ ದಾರಿಯಲ್ಲೇ ನಿಂತಂತೆ ಕಾಣುತ್ತದೆ. ಸೆಕೆಂಡಿಗೆ 5.6 ಮೀಟರ್ ಎಂದರೆ ಕಾಲಿಗೆ ಏನು ಗೊತ್ತಾಗುತ್ತದೆ? ಕಾಲಿಗೆ ಗೊತ್ತಿರುವುದು ಎತ್ತರ. ಜಗಲಿಯಿಂದ ಧುಮುಕಿದರೆ ಏನಾಗುತ್ತದೆ, ಕಾಂಪೌಂಡಿನಿಂದ ಧುಮುಕಿದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಚಿಕ್ಕಂದಿನಿಂದ ಗೊತ್ತು. h ಎತ್ತರದಿಂದ ಸುಮ್ಮನೆ ಧುಮುಕಿದವನು ನೆಲ ಮುಟ್ಟುವಾಗಿನ ವೇಗ v² = 2gh ಎಂಬ ಸೂತ್ರದಿಂದ ಸಿಗುತ್ತದೆ. ಅದನ್ನು ಮೇಲಿನ ಸಮೀಕರಣದಲ್ಲಿ ಹಾಕಿ ನೋಡಿ. ಅರ್ಧ ಹೋಗುತ್ತದೆ, g ಎರಡೂ ಕಡೆಯಿಂದ ಹೋಗುತ್ತದೆ, ವರ್ಗವೂ ಇಲ್ಲ, ವರ್ಗಮೂಲವೂ ಇಲ್ಲ. ಉಳಿಯುವುದು ಇಷ್ಟೇ:

```
h = m / (ρ · Cd · A)
```

ಇದನ್ನು ಮಾತಿನಲ್ಲಿ ಹೇಳಿದರೆ ಇನ್ನೂ ಚೆಂದ. Cd ಮತ್ತು A ಗುಣಿಸಿ ಬರುವುದನ್ನು ಕೊಡೆಯ ಪರಿಣಾಮಕಾರಿ ವಿಸ್ತೀರ್ಣ ಎನ್ನೋಣ. ಅಷ್ಟು ಅಗಲದ ತಳದ ಮೇಲೆ ಗಾಳಿಯ ಒಂದು ಕಂಬ ನಿಲ್ಲಿಸಿದ್ದೀರಿ ಎಂದುಕೊಳ್ಳಿ. ಆ ಕಂಬದ ಗಾಳಿ ನಿಮ್ಮಷ್ಟೇ ತೂಗಬೇಕಾದರೆ ಕಂಬ ಎಷ್ಟು ಎತ್ತರವಿರಬೇಕೋ, ಅಷ್ಟು ಎತ್ತರದ ಗೋಡೆಯಿಂದ ಧುಮುಕಿದಂತೆ ನಿಮ್ಮ ಪ್ಯಾರಾಚೂಟ್ ನಿಮ್ಮನ್ನು ನೆಲಕ್ಕೆ ಇಳಿಸುತ್ತದೆ. ಇದನ್ನು ಇನ್ನು ಮುಂದೆ ಗೋಡೆಯ ಎತ್ತರ ಎಂದೇ ಕರೆಯುತ್ತೇನೆ.

ಒಂದು ನಿಜವಾದ ಕೊಡೆಯನ್ನು ತೆಗೆದುಕೊಳ್ಳೋಣ. ಅಮೆರಿಕದ ಸೇನೆ ದಶಕಗಳ ಕಾಲ ಬಳಸಿದ ಟಿ-10 ಎಂಬ ಪ್ಯಾರಾಚೂಟಿನ ವ್ಯಾಸ 35 ಅಡಿ, ಅಂದರೆ 10.7 ಮೀಟರ್. ವಿಸ್ತೀರ್ಣ ಸುಮಾರು 89 ಚದರ ಮೀಟರ್. 0.75ರಿಂದ ಗುಣಿಸಿದರೆ ಪರಿಣಾಮಕಾರಿ ವಿಸ್ತೀರ್ಣ 67 ಚದರ ಮೀಟರ್. ಅದರ ಮೇಲೆ ನಿಂತ ಗಾಳಿಯ ಕಂಬ ಒಂದೊಂದು ಮೀಟರ್ ಎತ್ತರಕ್ಕೆ 67 × 1.2, ಅಂದರೆ 80 ಕಿಲೋ ತೂಗುತ್ತದೆ. ಈ 80 ಒಂದನ್ನು ನೆನಪಿಟ್ಟುಕೊಂಡರೆ ಸಾಕು, ಉಳಿದ ಲೆಕ್ಕಗಳನ್ನು ಬಾಯಲ್ಲೇ ಮಾಡಬಹುದು. ಸೈನಿಕ 72 ಕಿಲೋ, ಬೆನ್ನಿನ ಪ್ಯಾರಾಚೂಟ್ ಮತ್ತು ಎದೆಯ ಮೀಸಲು ಪ್ಯಾರಾಚೂಟ್ ಸೇರಿ 22 ಕಿಲೋ, ಶಸ್ತ್ರ ಮತ್ತು ಸಾಮಾನಿನ ಚೀಲ 36 ಕಿಲೋ ಎಂದು ಇಟ್ಟುಕೊಂಡರೆ ಒಟ್ಟು 130. ಅದನ್ನು 80ರಿಂದ ಭಾಗಿಸಿದರೆ 1.6 ಮೀಟರ್ ಎತ್ತರದ ಗೋಡೆ. ವೇಗದಲ್ಲಿ ಹೇಳುವುದಾದರೆ ಸೆಕೆಂಡಿಗೆ 5.6 ಮೀಟರ್. ಆಳೆತ್ತರಕ್ಕೆ ಸ್ವಲ್ಪ ಕಡಿಮೆಯ ಗೋಡೆಯಿಂದ, ಮೈಮೇಲೆ ಅಷ್ಟೂ ಭಾರ ಹೊತ್ತು ಧುಮುಕಿದ ಹಾಗೆ.

ಲೆಕ್ಕ ಇಷ್ಟು ಸುಲಭವಾದ ಮೇಲೆ ತಪ್ಪು ಎಲ್ಲಿ ಆಗುತ್ತದೆ? ನಾನು ಕಂಡಂತೆ ಬಹುಪಾಲು ಒಂದೇ ಕಡೆ, ವಿಸ್ತೀರ್ಣ ಎಂದರೆ ಯಾವುದು ಎನ್ನುವಲ್ಲಿ. ಕೆಲವು ವರ್ಷಗಳ ಹಿಂದೆ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಒಂದು ತಂಡ ಮೊಟ್ಟೆಯನ್ನು ಒಡೆಯದೆ ಇಳಿಸುವ ಪ್ಯಾರಾಚೂಟ್ ಮಾಡುತ್ತಿತ್ತು, ನಾನು ಜೊತೆಗಿದ್ದೆ. ಮೊಟ್ಟೆ, ಡಬ್ಬಿ, ಬಟ್ಟೆ, ದಾರ ಎಲ್ಲ ಸೇರಿ 250 ಗ್ರಾಂ. ಗೋಡೆಯ ಎತ್ತರ 0.4 ಮೀಟರ್ ಮೀರಬಾರದು ಎಂದು ನಿಶ್ಚಯಿಸಿಕೊಂಡಿದ್ದರು. ಅರ್ಧಗೋಳದ ತಡೆಯ ಗುಣಾಂಕ 1.42 ಎಂದು ಒಂದು ಕೋಷ್ಟಕದಲ್ಲಿ ಸಿಕ್ಕಿತು. ಬೆಂಗಳೂರಿನ ಗಾಳಿಗೆ 1.05 ಹಿಡಿದು ಲೆಕ್ಕ ಮಾಡಿ 0.42 ಚದರ ಮೀಟರ್ ಬಟ್ಟೆ ಕತ್ತರಿಸಿದರು. ಮೂರನೇ ಮಹಡಿಯ ತಾರಸಿಯಿಂದ ಬಿಟ್ಟಾಗ ಮೊಟ್ಟೆ ಒಡೆಯಿತು. ಮತ್ತೊಮ್ಮೆ ಬಿಟ್ಟರು, ಅದೂ ಒಡೆಯಿತು.

ಆ ಕೋಷ್ಟಕದಲ್ಲಿ ತಪ್ಪಿರಲಿಲ್ಲ. ಆದರೆ 1.42 ಎಂಬ ಸಂಖ್ಯೆ ಅರಳಿದ ಅರ್ಧಗೋಳದ ಬಾಯಿಯ ವಿಸ್ತೀರ್ಣಕ್ಕೆ, ಅಂದರೆ ನೆತ್ತಿಯ ಮೇಲಿನ ಸೂರ್ಯ ಅದರಿಂದ ಬೀಳಿಸುವ ನೆರಳಿನ ವಿಸ್ತೀರ್ಣಕ್ಕೆ ಹೇಳಿದ್ದು. ಬಟ್ಟೆಯ ವಿಸ್ತೀರ್ಣ ಬೇರೆ. ಅರ್ಧಗೋಳದ ಬಟ್ಟೆ ಅದರ ಬಾಯಿಯ ಎರಡರಷ್ಟು ಇರುತ್ತದೆ, ಆದ್ದರಿಂದ ಬಟ್ಟೆಯ ಲೆಕ್ಕಕ್ಕೆ ಗುಣಾಂಕ ಅರ್ಧವಾಗಿ 0.71 ಆಗುತ್ತದೆ. ಪ್ಯಾರಾಚೂಟ್ ಕ್ಷೇತ್ರದಲ್ಲಿ ಬಳಸುವ 0.75ಕ್ಕೆ ಅದು ಎಷ್ಟು ಹತ್ತಿರ ನೋಡಿ. ಆ ಕ್ಷೇತ್ರದವರು ಎಲ್ಲವನ್ನೂ ಹೊಲಿದ ಬಟ್ಟೆಯ ವಿಸ್ತೀರ್ಣದ ಮೇಲೆಯೇ ಹೇಳುತ್ತಾರೆ. ಅರಳಿದ ಕೊಡೆಯ ಬಾಯಿಯನ್ನು ಗಾಳಿಯಲ್ಲಿ ಅಳೆಯುವುದು ಕಷ್ಟ, ಬಟ್ಟೆಯನ್ನು ಮೇಜಿನ ಮೇಲೆ ಹರಡಿ ಅಳೆಯಬಹುದು. ಚಪ್ಪಟೆ ದುಂಡು ಬಟ್ಟೆಯಿಂದ ಮಾಡಿದ ಕೊಡೆ ಅರಳಿದಾಗ ಬಾಯಿಯ ವ್ಯಾಸ ಬಟ್ಟೆಯ ವ್ಯಾಸದ ಮೂರರಲ್ಲಿ ಎರಡು ಪಾಲಷ್ಟೇ ಉಳಿಯುತ್ತದೆ, ವಿಸ್ತೀರ್ಣದಲ್ಲಿ ಅರ್ಧಕ್ಕೂ ಕಡಿಮೆ. ಹೀಗಾಗಿ ಒಂದು ವಿಸ್ತೀರ್ಣಕ್ಕೆ ಹೇಳಿದ ಗುಣಾಂಕವನ್ನು ಇನ್ನೊಂದಕ್ಕೆ ಹಾಕಿದರೆ ಗೋಡೆಯ ಎತ್ತರ ಹೆಚ್ಚುಕಡಿಮೆ ಇಮ್ಮಡಿ ತಪ್ಪುತ್ತದೆ.

ತಪ್ಪು ಇದೇ ಎಂದು ಖಚಿತವಾದದ್ದು ಅಳೆದಾಗ. ಕೊಡೆ ಪೂರ್ತಿ ಅರಳಿದ ಮೇಲಿನ ಕೊನೆಯ 6 ಮೀಟರನ್ನು ಗೋಡೆಯ ಮೇಲೆ ಗುರುತು ಹಾಕಿ, ಮೊಬೈಲಿನಲ್ಲಿ ವಿಡಿಯೊ ತೆಗೆದು ಫ್ರೇಮ್ ಎಣಿಸಿದೆವು. ಅವರ ಲೆಕ್ಕದ ಪ್ರಕಾರ 2.1 ಸೆಕೆಂಡು ಆಗಬೇಕಿತ್ತು, ಆದದ್ದು ಸುಮಾರು ಒಂದೂವರೆ. ಅಂದರೆ ವೇಗ ಸೆಕೆಂಡಿಗೆ 2.8 ಮೀಟರ್ ಅಲ್ಲ, 3.9ರ ಹತ್ತಿರ, ಗೋಡೆ 0.4 ಅಲ್ಲ, ಮುಕ್ಕಾಲು ಮೀಟರ್. ಹಿಂದಕ್ಕೆ ಲೆಕ್ಕ ಮಾಡಿದಾಗ ಬಟ್ಟೆಯ ಮೇಲಿನ ಗುಣಾಂಕ 0.75 ಎಂದೇ ಬಂತು. ಯಾರೇ ಮನೆಯಲ್ಲಿ ಮಾಡಿ ನೋಡುವುದಿದ್ದರೂ ಇದೇ ಕ್ರಮ ಒಳ್ಳೆಯದು. ಗುಣಾಂಕವನ್ನು ಪುಸ್ತಕದಿಂದ ತೆಗೆದುಕೊಂಡರೂ, ಒಮ್ಮೆ ಕಲ್ಲನ್ನೋ ಮರಳಿನ ಪೊಟ್ಟಣವನ್ನೋ ಇಳಿಸಿ, ಹೊತ್ತು ಅಳೆದು, ನಿಮ್ಮದೇ ಕೊಡೆಯ ಗುಣಾಂಕ ಕಂಡುಕೊಂಡ ಮೇಲೆ ಮೊಟ್ಟೆ ಕಟ್ಟಿ. ಗಾಳಿ ಬೀಸದ ಮುಂಜಾನೆ ಅಳೆಯಬೇಕು, ಮತ್ತು ಬಿಟ್ಟ ಕೂಡಲೇ ಗಡಿಯಾರ ಶುರು ಮಾಡಬಾರದು. ಮೊದಲ ಕೆಲವು ಮೀಟರ್ ಬಟ್ಟೆ ಅರಳುವುದಕ್ಕೇ ಹೋಗುತ್ತದೆ.

ಈಗ ಲೆಕ್ಕವನ್ನು ತಿರುಗಿಸೋಣ. ಕೊಡೆ ಕೊಟ್ಟು ವೇಗ ಕೇಳುವ ಬದಲು, ಸುರಕ್ಷಿತವಾಗಿ ಇಳಿಯಲು ಎಷ್ಟು ದೊಡ್ಡ ಕೊಡೆ ಬೇಕು ಎಂದು ಕೇಳೋಣ. ಅದಕ್ಕೆ ಮೊದಲು ಸುರಕ್ಷಿತ ಎಂದರೆ ಏನು ಎಂದು ನಿರ್ಧರಿಸಬೇಕು, ಮತ್ತು ಅದು ಕೊಡೆಯ ಮೇಲಷ್ಟೇ ನಿಂತಿಲ್ಲ. ಧುಮುಕಿದವನನ್ನು ನೆಲ ಎಷ್ಟು ದೂರದಲ್ಲಿ ನಿಲ್ಲಿಸುತ್ತದೆ ಎಂಬುದೂ ಅಷ್ಟೇ ಮುಖ್ಯ. ಗೋಡೆಯ ಎತ್ತರವನ್ನು ಆ ನಿಲ್ಲುವ ದೂರದಿಂದ ಭಾಗಿಸಿದರೆ, ನಿಲ್ಲಿಸಲು ಬೇಕಾದ ಸರಾಸರಿ ಬಲ ಮೈತೂಕದ ಎಷ್ಟು ಪಟ್ಟು ಎಂದು ಸಿಗುತ್ತದೆ. ಮೊಣಕಾಲು ಸೆಟೆದುಕೊಂಡು ಹಿಮ್ಮಡಿ ಊರಿದವನಿಗೆ ಬೂಟಿನ ಅಡಿ, ನೆಲದ ಮಣ್ಣು, ಕೀಲುಗಳು ಎಲ್ಲ ಸೇರಿ 5 ಸೆಂಟಿಮೀಟರ್ ಸಿಗಬಹುದು. 1.6 ಮೀಟರ್ ಗೋಡೆಗೆ ಅದು 32 ಪಟ್ಟು. ಮೂಳೆ ಉಳಿಯುವ ಮಾತಲ್ಲ. ಅದೇ ಮನುಷ್ಯ ಎರಡೂ ಪಾದ, ಎರಡೂ ಮೊಣಕಾಲು ಜೋಡಿಸಿ, ಸ್ವಲ್ಪ ಬಗ್ಗಿಸಿ, ಮುಂಗಾಲು ನೆಲ ಮುಟ್ಟಿದ ಕೂಡಲೇ ಮೀನಖಂಡ, ತೊಡೆ, ಪಿರ್ರೆ, ಬೆನ್ನಿನ ಪಕ್ಕ ಎಂದು ಒಂದಾದ ಮೇಲೊಂದು ನೆಲಕ್ಕೆ ಕೊಡುತ್ತ ಪಕ್ಕಕ್ಕೆ ಉರುಳಿದರೆ ದೇಹದ ನಡುಭಾಗಕ್ಕೆ ನಿಲ್ಲಲು 60 ಸೆಂಟಿಮೀಟರ್ ಸಿಗುತ್ತದೆ. ಆಗ ಮೂರು ಪಟ್ಟಿಗೂ ಕಡಿಮೆ. ಕಟ್ಟೆಯಿಂದ ಮತ್ತೆ ಮತ್ತೆ ಧುಮುಕಿಸುವುದು ಈ ಹನ್ನೆರಡು ಪಟ್ಟು ವ್ಯತ್ಯಾಸಕ್ಕಾಗಿ. ಇಷ್ಟು ಲಾಭ ಕೊಡುವ ಬಟ್ಟೆ ಯಾವುದೂ ಇಲ್ಲ.

ಉರುಳುವುದು ರೂಢಿಯಾದವನಿಗೆ, ರಾತ್ರಿಯಲ್ಲಿ, ಗೊತ್ತಿಲ್ಲದ ನೆಲದಲ್ಲಿ ಇಳಿಯಲು ಒಂದೂವರೆ ಮೀಟರ್ ಗೋಡೆ ನಮ್ಮ ಮಿತಿ ಎಂದಿಟ್ಟುಕೊಳ್ಳೋಣ. 130 ಕಿಲೋವನ್ನು 1.2ರಿಂದಲೂ 1.5ರಿಂದಲೂ ಭಾಗಿಸಿದರೆ ಪರಿಣಾಮಕಾರಿ ವಿಸ್ತೀರ್ಣ 72 ಚದರ ಮೀಟರ್. 0.75ರಿಂದ ಭಾಗಿಸಿದರೆ 96 ಚದರ ಮೀಟರ್ ಬಟ್ಟೆ, 11 ಮೀಟರ್ ವ್ಯಾಸ. ಟಿ-10ರ 10.7 ಮೀಟರ್ ಎಲ್ಲಿಂದ ಬಂತು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗಿದ್ದರೆ ಇನ್ನೂ ದೊಡ್ಡದು ಮಾಡಬಹುದಲ್ಲ? ಗೋಡೆಯನ್ನು ಮುಕ್ಕಾಲು ಮೀಟರಿಗೆ ಇಳಿಸೋಣ, ಕುರ್ಚಿಯಿಂದ ಧುಮುಕಿದ್ದಕ್ಕಿಂತ ತುಸು ಹೆಚ್ಚು. ಗೋಡೆ ಅರ್ಧವಾಗಲು ಬಟ್ಟೆ ಇಮ್ಮಡಿಯಾಗಬೇಕು: 193 ಚದರ ಮೀಟರ್, ಸುಮಾರು 16 ಮೀಟರ್ ವ್ಯಾಸ. ಅಷ್ಟು ಮಾಡಿದರೂ ವೇಗ ಅರ್ಧವಾಗುವುದಿಲ್ಲ, 5.4ರಿಂದ 3.8ಕ್ಕೆ ಇಳಿಯುತ್ತದೆ, ಏಕೆಂದರೆ ವೇಗ ಇಳಿಯುವುದು ವಿಸ್ತೀರ್ಣದ ವರ್ಗಮೂಲದ ಪ್ರಮಾಣದಲ್ಲಿ. ಬಟ್ಟೆ ಚದರ ಮೀಟರಿಗೆ 40 ಗ್ರಾಂ ಆಸುಪಾಸು ತೂಗುತ್ತದೆ, ಅದರ ಜೊತೆ ಹಗ್ಗಗಳೂ ಉದ್ದವಾಗಬೇಕು, ಎಲ್ಲವೂ ಬೆನ್ನಿನ ಗಂಟಿನೊಳಗೆ ಕೂರಬೇಕು. ತೂಕಕ್ಕಿಂತ ದೊಡ್ಡ ತೊಂದರೆ ಸಮಯದ್ದು. 300 ಮೀಟರಿನಿಂದ ಇಳಿಯಲು ಮೊದಲಿನ ಕೊಡೆಗೆ 55 ಸೆಕೆಂಡು ಸಾಕು, ದೊಡ್ಡದಕ್ಕೆ 78. ಸೆಕೆಂಡಿಗೆ 5 ಮೀಟರ್ ಬೀಸುವ ಗಾಳಿ ಅಷ್ಟರಲ್ಲಿ ಅವನನ್ನು ಇನ್ನೂ ನೂರು ಮೀಟರಿಗಿಂತ ಹೆಚ್ಚು ದೂರ ಒಯ್ದಿರುತ್ತದೆ. ಇಳಿದ ಮೇಲೂ ಆ ದೊಡ್ಡ ಕೊಡೆ ಹಾಯಿಯಂತೆ ಉಬ್ಬಿ ನೆಲದ ಮೇಲೆ ಎಳೆದಾಡುತ್ತದೆ. ಆದರೂ ಸೈನಿಕರ ಹೊರೆ ಹೆಚ್ಚುತ್ತಾ ಹೋದಂತೆ ಅಮೆರಿಕದ ಸೇನೆ ಟಿ-10ರ ಬದಲಿಗೆ ಟಿ-11 ತರಬೇಕಾಯಿತು. ಅದರಲ್ಲಿ ಬಟ್ಟೆ 28 ಶೇಕಡ ಹೆಚ್ಚು. ಅದೇ ಹೊರೆಗೆ ಗೋಡೆ ಐದರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ತಗ್ಗುತ್ತದೆ.

ಬಟ್ಟೆ ಹೆಚ್ಚಿಸದೆ ಹೊರೆಯನ್ನೇ ಕಳೆಯುವ ಒಂದು ಉಪಾಯವಿದೆ, ನನಗೆ ಬಹಳ ಇಷ್ಟವಾದದ್ದು. ನೆಲ ಹತ್ತಿರವಾದಾಗ ಸೈನಿಕ ಸಾಮಾನಿನ ಚೀಲವನ್ನು ಕಳಚಿ, ಸುಮಾರು ನಾಲ್ಕೂವರೆ ಮೀಟರ್ ಉದ್ದದ ಪಟ್ಟಿಯ ತುದಿಯಲ್ಲಿ ಕೆಳಗೆ ಇಳಿಬಿಡುತ್ತಾನೆ. ಚೀಲ ಮೊದಲು ನೆಲ ಮುಟ್ಟುತ್ತದೆ. ಆ ಕ್ಷಣದಿಂದ ಕೊಡೆ ಹೊರುವುದು 94 ಕಿಲೋ ಮಾತ್ರ. 80ರಿಂದ ಭಾಗಿಸಿದರೆ ಗೋಡೆ 1.6ರಿಂದ ಸುಮಾರು 1.2 ಮೀಟರಿಗೆ ಇಳಿಯಿತು. ಕಾಲಿಗೆ ಕಟ್ಟಿದ ಚೀಲದ ಮೇಲೆ ಬೀಳುವುದೂ ತಪ್ಪಿತು.

ಆದರೆ ಚೀಲ ಮುಟ್ಟಿದ ಮೇಲೆ ಉಳಿದಿರುವುದು ನಾಲ್ಕೂವರೆ ಮೀಟರ್, ಒಂದು ಸೆಕೆಂಡಿಗೂ ಕಡಿಮೆ ಹೊತ್ತು. ಅಷ್ಟರಲ್ಲಿ ವೇಗ ಇಳಿಯುತ್ತದೆಯೇ? ಇಲ್ಲಿಯೂ ಉತ್ತರ ಕೊಡುವುದು ಅದೇ h. ಸಮತೋಲಕ್ಕಿಂತ ಹೆಚ್ಚಿರುವ ವೇಗ ಎಷ್ಟು ದೂರದಲ್ಲಿ ಕರಗುತ್ತದೆ ಎಂದು ಸಮೀಕರಣ ಬಿಡಿಸಿದರೆ, ಗೋಡೆಯ ಎತ್ತರದಷ್ಟು ಇಳಿದಾಗಲೆಲ್ಲ ವೇಗದ ವರ್ಗದಲ್ಲಿದ್ದ ಹೆಚ್ಚುವರಿಯ ಮೂರರಲ್ಲಿ ಎರಡು ಪಾಲಿಗೆ ಸ್ವಲ್ಪ ಕಡಿಮೆಯಷ್ಟು ಅಳಿದುಹೋಗುತ್ತದೆ. 1.2 ಮೀಟರ್ ಇಳಿದಾಗ ಉಳಿಯುವುದು ಸುಮಾರು 37 ಶೇಕಡ, 2.4ಕ್ಕೆ 14, 3.6ಕ್ಕೆ 5. ನಾಲ್ಕೂವರೆ ಮೀಟರ್ ಮುಗಿಯುವ ಹೊತ್ತಿಗೆ ಎರಡು ಮೂರು ಶೇಕಡ. ಪಟ್ಟಿ ಒಂದೇ ಮೀಟರ್ ಉದ್ದವಿದ್ದಿದ್ದರೆ ಈ ಲಾಭದ ಅರ್ಧ ಚಿಲ್ಲರೆ ಮಾತ್ರ ಸಿಗುತ್ತಿತ್ತು.

ಇಲ್ಲಿಯವರೆಗೆ ಗಾಳಿಯನ್ನು 1.2 ಎಂದೇ ಹಿಡಿದೆವು. ಅದು ಎಲ್ಲ ಕಡೆ, ಎಲ್ಲ ಕಾಲದಲ್ಲೂ ನಿಲ್ಲುವ ಸಂಖ್ಯೆಯಲ್ಲ. ಆಗ್ರಾ ಸಮುದ್ರಮಟ್ಟದಿಂದ 170 ಮೀಟರ್ ಮೇಲಿದೆ; ಚಳಿಗಾಲದ 10 ಡಿಗ್ರಿಯ ಮುಂಜಾನೆ ಅಲ್ಲಿ ಗಾಳಿ 1.2ಕ್ಕೂ ತುಸು ದಟ್ಟವಾಗಿರುತ್ತದೆ. ಬೆಂಗಳೂರು 900 ಮೀಟರಿಗಿಂತ ಎತ್ತರ. 28 ಡಿಗ್ರಿಯ ಮಧ್ಯಾಹ್ನ ಇಲ್ಲಿನ ಗಾಳಿ 1.05. ಅದೇ ಕೊಡೆಯ ಕಂಬ ಇಲ್ಲಿ ಮೀಟರಿಗೆ 80 ಅಲ್ಲ, 70 ಕಿಲೋ ತೂಗುತ್ತದೆ. 130 ಕಿಲೋದ ಸೈನಿಕನಿಗೆ ಗೋಡೆ ಸುಮಾರು 1.9 ಮೀಟರ್. ಲೇಹ್‌ನಲ್ಲಿ 3,300 ಮೀಟರ್ ಎತ್ತರ, 10 ಡಿಗ್ರಿ ಎಂದರೆ ಗಾಳಿ 0.83, ಕಂಬ ಮೀಟರಿಗೆ 56 ಕಿಲೋ, ಗೋಡೆ 2.3 ಮೀಟರ್. ಇಲ್ಲಿ ವೇಗವನ್ನಷ್ಟೇ ನೋಡುವವರು ಮೋಸ ಹೋಗುತ್ತಾರೆ. 5.6 ಇದ್ದದ್ದು 6.8 ಆಯಿತು, ಐದರಲ್ಲಿ ಒಂದು ಪಾಲು ಹೆಚ್ಚು ಅಷ್ಟೇ ಎನ್ನಿಸುತ್ತದೆ. ಕಾಲಿಗೆ ತಗಲುವುದು ಗೋಡೆ, ಅದು ಹತ್ತಿರ ಹತ್ತಿರ ಒಂದೂವರೆ ಪಟ್ಟಾಗಿದೆ. ಅದಕ್ಕೇ ಎತ್ತರದ ಪ್ರದೇಶದಲ್ಲಿ ಇಳಿಯುವವರು ಹೊರೆ ಕಡಿಮೆ ಮಾಡಬೇಕು, ಇಲ್ಲವೇ ದೊಡ್ಡ ಕೊಡೆ ತರಬೇಕು.

ಬೀಸುಗಾಳಿಯ ಲೆಕ್ಕವೂ ಇದೇ ಅಳತೆಯಲ್ಲಿ ಬರುತ್ತದೆ. ದುಂಡು ಕೊಡೆ ಗಾಳಿಯ ಜೊತೆಗೇ ತೇಲುತ್ತದೆ. ನೆಲದ ಹತ್ತಿರ ಗಾಳಿ ಸೆಕೆಂಡಿಗೆ 5 ಮೀಟರ್ ಬೀಸುತ್ತಿದ್ದರೆ ಇಳಿಯುವವನೂ ಅಷ್ಟೇ ವೇಗದಲ್ಲಿ ಅಡ್ಡಕ್ಕೆ ಸಾಗುತ್ತಿರುತ್ತಾನೆ. ಆ ಅಡ್ಡವೇಗದ ಶಕ್ತಿಯನ್ನೂ ಮೈಯೇ ಹೀರಬೇಕು. ಅದನ್ನೂ ಗೋಡೆಯಾಗಿ ಬದಲಿಸಿದರೆ 1.3 ಮೀಟರ್, ಹಿಂದಿನ ಗೋಡೆಯ ಮೇಲೆ ಇನ್ನೊಂದು ಗೋಡೆ ಕಟ್ಟಿದಂತೆ. ಅಮೆರಿಕದ ಸೇನೆ ಈ ಬಗೆಯ ಹಾರಾಟಕ್ಕೆ ನೆಲಮಟ್ಟದ ಗಾಳಿ 13 ನಾಟ್ ಮೀರಬಾರದು ಎನ್ನುತ್ತದೆ. ಅದು ಸೆಕೆಂಡಿಗೆ 6.7 ಮೀಟರ್, ಗೋಡೆಯ ಲೆಕ್ಕದಲ್ಲಿ 2.3 ಮೀಟರ್; ಚೀಲ ಇಳಿಬಿಟ್ಟ ಸೈನಿಕನ 1.2 ಮೀಟರಿನ ಹೆಚ್ಚುಕಡಿಮೆ ಎರಡರಷ್ಟು. ಎಷ್ಟು ದೊಡ್ಡ ಕೊಡೆ ಹೊಲಿದರೂ ಈ ಎರಡನೇ ಗೋಡೆ ತಗ್ಗುವುದಿಲ್ಲ. ಕೊಡೆಯನ್ನು ಬೆಳೆಸುವುದನ್ನು ಎಲ್ಲಿ ನಿಲ್ಲಿಸಬೇಕು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ನನಗೆ ಕಂಡಿಲ್ಲ. ಕೊಡೆ ತೂಗಾಡಿದರೂ ಹೀಗೆಯೇ ಅಡ್ಡವೇಗ ಸೇರುತ್ತದೆ. 1797ರ ಅಕ್ಟೋಬರ್ 22ರಂದು ಪ್ಯಾರಿಸ್ಸಿನಲ್ಲಿ ಬಲೂನಿನಿಂದ ಇಳಿದ ಆಂದ್ರೆ-ಜಾಕ್ ಗಾರ್ನೆರಿನ್ ವಿಪರೀತ ತೂಗಾಡಿದ್ದ; ಅವನ ಕೊಡೆಯ ನೆತ್ತಿಯಲ್ಲಿ ರಂಧ್ರವಿರಲಿಲ್ಲ, ಒಳಗೆ ತುಂಬಿದ ಗಾಳಿ ಒಮ್ಮೆ ಈ ಅಂಚಿನಿಂದ, ಒಮ್ಮೆ ಆ ಅಂಚಿನಿಂದ ಚೆಲ್ಲುತ್ತಿತ್ತು. ನೆತ್ತಿಯಲ್ಲಿ ಸಣ್ಣ ರಂಧ್ರ ಬಿಟ್ಟರೆ ತಡೆ ಹೆಚ್ಚೇನೂ ತಗ್ಗುವುದಿಲ್ಲ, ತೂಗಾಟ ಬಹಳ ತಗ್ಗುತ್ತದೆ.

ಈ ಸೂತ್ರವನ್ನು ಮನುಷ್ಯನಿಗಿಂತ ತುಂಬ ಭಾರದ ಒಂದು ವಸ್ತುವಿನ ಮೇಲೆ ಪರೀಕ್ಷಿಸೋಣ. 2025ರ ಆಗಸ್ಟ್ 24ರಂದು ಇಸ್ರೋ ಗಗನಯಾನದ ಸಿಬ್ಬಂದಿ ಕೋಶದ ಮಾದರಿಯೊಂದನ್ನು ಚಿನೂಕ್ ಹೆಲಿಕಾಪ್ಟರಿನಿಂದ ಸುಮಾರು 3 ಕಿಲೋಮೀಟರ್ ಎತ್ತರದಲ್ಲಿ ಬಿಟ್ಟು ಸಮುದ್ರಕ್ಕೆ ಇಳಿಸಿತು. ಕೋಶ ಸುಮಾರು 4.8 ಟನ್. ಕೊನೆಯಲ್ಲಿ ಅದನ್ನು ಹೊತ್ತದ್ದು ತಲಾ 25 ಮೀಟರ್ ವ್ಯಾಸದ ಮೂರು ಮುಖ್ಯ ಕೊಡೆಗಳು. ಒಂದೊಂದರ ವಿಸ್ತೀರ್ಣ 491 ಚದರ ಮೀಟರ್. ದೊಡ್ಡ ಕೊಡೆಗಳಿಗೆ ಗುಣಾಂಕ 0.8 ಎಂದು ಹಿಡಿದರೆ ಮೂರರದ್ದೂ ಸೇರಿ ಪರಿಣಾಮಕಾರಿ ವಿಸ್ತೀರ್ಣ 1,178 ಚದರ ಮೀಟರ್, ಗಾಳಿಯ ಕಂಬ ಮೀಟರಿಗೆ 1,414 ಕಿಲೋ. 4,800ನ್ನು ಅದರಿಂದ ಭಾಗಿಸಿದರೆ 3.4 ಮೀಟರ್ ಗೋಡೆ, ಸೆಕೆಂಡಿಗೆ 8.2 ಮೀಟರ್ ವೇಗ. ಕೋಶ ನೀರು ಮುಟ್ಟಿದ ವೇಗ ಸೆಕೆಂಡಿಗೆ ಸುಮಾರು 8 ಮೀಟರ್. ಮೊಟ್ಟೆಗೆ ಹಾಕಿದ ಅದೇ ಲೆಕ್ಕ ಐದು ಟನ್ನಿಗೂ ಹೊಂದಿತು. ಮೂರೂವರೆ ಮೀಟರ್ ಗೋಡೆ ನಮ್ಮ ಕಾಲಿಗೆ ಅತಿಯಾಯಿತು, ಆದರೆ ಕೋಶದಲ್ಲಿರುವವರು ನಿಂತಿರುವುದಿಲ್ಲ; ಆಸನಕ್ಕೆ ಬೆನ್ನು ಕೊಟ್ಟು ಮಲಗಿರುತ್ತಾರೆ, ಕೆಳಗೆ ನೀರಿದೆ, ಕೋಶ ಅದರಲ್ಲಿ ಮುಳುಗುತ್ತ ನಿಲ್ಲಲು ದೂರ ಪಡೆಯುತ್ತದೆ.

ಮೂರರಲ್ಲಿ ಒಂದು ಅರಳದಿದ್ದರೆ? 1971ರ ಆಗಸ್ಟ್‌ನಲ್ಲಿ ಅಪೊಲೊ 15 ಮರಳುವಾಗ ಹಾಗೇ ಆಯಿತು. ಅರಳಿದ್ದ ಮೂರರಲ್ಲಿ ಒಂದು ಕೊಡೆ ಇಳಿಯುವ ದಾರಿಯಲ್ಲಿ ಮುದುಡಿಕೊಂಡಿತು. ಎರಡೇ ಕೊಡೆಗಳಲ್ಲಿ ಇಳಿದ ಮೂವರೂ ಕ್ಷೇಮವಾಗಿದ್ದರು. ಗಗನಯಾನದ ಲೆಕ್ಕದಲ್ಲಿ ಎರಡೇ ಉಳಿದರೆ ಗೋಡೆ 5.1 ಮೀಟರ್, ವೇಗ 10. ವಿಸ್ತೀರ್ಣದ ಮೂರನೇ ಒಂದು ಪಾಲು ಹೋದರೂ ವೇಗ ಏರುವುದು 22 ಶೇಕಡ ಮಾತ್ರ. ದೊಡ್ಡ ಕೊಡೆ ಬಯಸಿದಾಗ ನಮ್ಮ ಕೈಕಟ್ಟಿದ ವರ್ಗಮೂಲ, ಕೊಡೆ ಕೈಕೊಟ್ಟಾಗ ನಮ್ಮ ಪರವಾಗಿ ನಿಲ್ಲುತ್ತದೆ. ಇಸ್ರೋ ಎರಡೇ ಕೊಡೆಗಳಿಂದಲೂ ಸುರಕ್ಷಿತವಾಗಿ ಇಳಿಯಬಲ್ಲಂತೆ ಕೋಶವನ್ನು ರೂಪಿಸಿದೆ.

ಅಷ್ಟು ವಿಸ್ತೀರ್ಣವನ್ನು ಒಮ್ಮೆಲೇ ಬಿಚ್ಚುವಂತಿಲ್ಲ ಎನ್ನುವುದೂ ಇದೇ ಸಮೀಕರಣದ ಮಾತು. 5.6 ಮೀಟರ್ ವೇಗದಲ್ಲಿ ತೂಕದಷ್ಟೇ ತಡೆ ಕೊಡುವ ಸೈನಿಕನ ಕೊಡೆ, ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಕ್ಷಣಮಾತ್ರದಲ್ಲಿ ಪೂರ್ತಿ ಅರಳಿದ್ದರೆ ತೂಕದ 80 ಪಟ್ಟು ಎಳೆಯಬೇಕಾಗುತ್ತಿತ್ತು. ಬಟ್ಟೆ ಅರಳಲು ಹೊತ್ತು ಹಿಡಿಯುವುದರಿಂದ, ಅಷ್ಟರಲ್ಲಿ ವೇಗ ತಗ್ಗುವುದರಿಂದ ಅವನು ಬದುಕುತ್ತಾನೆ. ಐದು ಟನ್ನಿನ ಕೋಶಕ್ಕೆ ಅದನ್ನು ಅದೃಷ್ಟಕ್ಕೆ ಬಿಡುವುದಿಲ್ಲ. ಮೊದಲು ಸಣ್ಣ ಕೊಡೆಗಳು ಬಿಚ್ಚಿಕೊಂಡು ವೇಗ ತಗ್ಗಿಸುತ್ತವೆ; ಆಮೇಲೆ ಬರುವ ಮುಖ್ಯ ಕೊಡೆಗಳ ಬಾಯಿಯನ್ನೂ ಮೊದಲು ಒಂದು ಹಗ್ಗ ಸುತ್ತ ಬಿಗಿದು ಹಿಡಿದಿರುತ್ತದೆ. ಚೀಲದ ಬಾಯಿಗೆ ಲಾಡಿ ಕಟ್ಟಿದ ಹಾಗೆ. ಕೊಡೆ ಅರೆಯರಳಿ ವೇಗ ಇಳಿದ ಮೇಲೆ ಆ ಹಗ್ಗ ಕತ್ತರಿಸಿಕೊಂಡು ಪೂರ್ತಿ ಅರಳುತ್ತದೆ. ಈ ಹಗ್ಗಗಳು ಒಂದೇ ಹೊತ್ತಿಗೆ ಕತ್ತರಿಸಿಕೊಳ್ಳದಿದ್ದರೆ, ಮೊದಲು ಅರಳಿದ ಕೊಡೆ ಕೆಲವು ಕ್ಷಣ ಇನ್ನೊಂದರ ಪಾಲನ್ನೂ ತಾನೇ ಹೊರಬೇಕು. 2025ರ ನವೆಂಬರ್ 3ರಂದು ಝಾನ್ಸಿ ಬಳಿಯ ಬಬೀನಾದಲ್ಲಿ ಇಸ್ರೋ ಪರೀಕ್ಷಿಸಿದ್ದು ಇದನ್ನೇ. ಕೋಶದಷ್ಟೇ ಭಾರವನ್ನು ಎರಡು ಮುಖ್ಯ ಕೊಡೆಗಳಿಗೆ ಕಟ್ಟಿ ಐಎಲ್-76 ವಿಮಾನದಿಂದ ಎರಡೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟರು. ಎರಡರ ಹಗ್ಗ ಕತ್ತರಿಸುವ ಹೊತ್ತಿನ ನಡುವೆ ಬೇಕೆಂದೇ ಅಂತರ ಇಟ್ಟಿದ್ದರು. ಕೊಡೆಗಳು ಅದನ್ನು ತಾಳಿಕೊಂಡವು, ಭಾರ ಸರಿಯಾಗಿ ನೆಲಕ್ಕಿಳಿಯಿತು.